ವೈಮಾರ್‌ನಲ್ಲಿ ಮಗಳ ಅಂಚೆ

ಫ್ರಾಂಕ್‌ಫರ್ಟ್‌ನಿಂದ ಎರ್ಫುರ್ಟ್‌ವರೆಗೆ ವೇಗದ ರೈಲು, ಅಲ್ಲಿಂದ ಮುಂದೆ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ವೈಮಾರ್ ನಮ್ಮ ಶಿರಸಿಯಷ್ಟೇ ಜನರಿರುವ ಊರು. ಗಯಟೆ ಐವತ್ತಕ್ಕೂ ಹೆಚ್ಚು ವರ್ಷ ಬದುಕಿ ತೀರಿಕೊಂಡದ್ದು ಇಲ್ಲಿ. 1919ರಲ್ಲಿ ಬೌಹೌಸ್ ಕಲಾಶಾಲೆ ಶುರುವಾದದ್ದೂ ಇಲ್ಲೇ. ಆ ಹೆಸರು ಹೊತ್ತ ವಿಶ್ವವಿದ್ಯಾಲಯದಲ್ಲಿ ಮಗಳು ಕಟ್ಟಡ ಎಂಜಿನಿಯರಿಂಗ್‌ನ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ. ಮೊದಲ ವರ್ಷ ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿದ್ದವಳು ಅಕ್ಟೋಬರಿನಲ್ಲಿ ವಿದ್ಯಾರ್ಥಿ ನಿಲಯಕ್ಕೆ ಬಂದಿದ್ದಳು. ನಾನು ಹೋದದ್ದು ಅದೇ ತಿಂಗಳು, ಊರಿನಲ್ಲಿ ಈರುಳ್ಳಿ ಸಂತೆ ನಡೆಯುವ ಹೊತ್ತಿಗೆ. 1653ರಷ್ಟು ಹಿಂದೆಯೇ ದಾಖಲಾದ ಸಂತೆಯಂತೆ. ಒಣಹೂವು ಸೇರಿಸಿ ಜಡೆ ಹೆಣೆದ ಈರುಳ್ಳಿ ಗೊಂಚಲುಗಳು ಬೀದಿಯುದ್ದಕ್ಕೂ ತೂಗುತ್ತಿದ್ದವು.

ನಾನು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಹಾಗಾಗಿ ನಿಲಯದ ಬಾಗಿಲು ದಾಟಿದ್ದೇ ಕಣ್ಣು ಹೋದದ್ದು ಒಳಗೋಡೆಯ ಮೇಲಿದ್ದ ಅಂಚೆ ಪೆಟ್ಟಿಗೆಗಳ ಕಡೆಗೆ. ನೆಲದಿಂದ ಎದೆಯೆತ್ತರದವರೆಗೆ ಸಾಲುಸಾಲಾಗಿ ತಗಡಿನ ಪೆಟ್ಟಿಗೆಗಳು, ಒಂದೊಂದರ ಮೇಲೂ ಕಾಗದದ ಪುಟ್ಟ ಪಟ್ಟಿ, ಪಟ್ಟಿಯ ಮೇಲೆ ಹೆಸರು. ಟರ್ಕಿಯ ಹೆಸರು, ಇರಾನಿನ ಹೆಸರು, ವಿಯೆಟ್ನಾಮಿನ ಹೆಸರು, ನಮ್ಮ ಆಂಧ್ರ, ಕೇರಳದ ಹೆಸರುಗಳು. ಕೆಲವು ಕಡೆ ಒಂದು ಹೆಸರಿನ ಮೇಲೆ ಇನ್ನೊಂದು ಅಂಟಿಸಿ, ಅಂಚಿನಲ್ಲಿ ಹಳೆಯದು ಇಣುಕುತ್ತಿತ್ತು. ಕೋಣೆ ಸಂಖ್ಯೆ ಎಲ್ಲೂ ಕಾಣಲಿಲ್ಲ.

"ಇಲ್ಲಿ ಮೇಲ್ ರೂಮ್ ಎಲ್ಲಿದೆ?" ಎಂದೆ. ಅಮೆರಿಕದಲ್ಲಿ ಓದಿದ ನಮ್ಮ ನೆಂಟರ ಹುಡುಗನೊಬ್ಬ ಹೇಳಿದ್ದು ಮನಸ್ಸಿನಲ್ಲಿತ್ತು. ಅವನ ಹಾಸ್ಟೆಲ್ಲಿನಲ್ಲಿ ಅಂಚೆಗೆಂದೇ ಒಂದು ಕೋಣೆ, ಒಬ್ಬ ನೌಕರ, ಪಾರ್ಸೆಲ್ ಬಂದರೆ ಇಮೇಲು.

"ಇಲ್ಲ ಅಪ್ಪ, ಈ ಗೋಡೆಯೇ ಎಲ್ಲ. ಉಸ್ತುವಾರಿಯವರು ಒಬ್ಬರಿದ್ದಾರೆ, ವಾರದಲ್ಲಿ ಕೆಲವು ಗಂಟೆ ಮಾತ್ರ ಸಿಗುತ್ತಾರೆ. ನಲ್ಲಿ ಕೆಟ್ಟರೆ ನೋಡುತ್ತಾರೆ, ಪಾರ್ಸೆಲ್ ತೆಗೆದಿಟ್ಟುಕೊಳ್ಳುವುದಿಲ್ಲ" ಎಂದಳು.

ಜರ್ಮನಿಯ ವಿಳಾಸದಲ್ಲಿ ಹೆಸರು, ಬೀದಿ, ಕಟ್ಟಡದ ಸಂಖ್ಯೆ, ಐದಂಕಿಯ ಪಿನ್, ಊರು ಇಷ್ಟೇ ಇರುತ್ತವೆ. ನೂರು ಮನೆಗಳ ಕಟ್ಟಡವಾದರೂ ಫ್ಲ್ಯಾಟ್ ಸಂಖ್ಯೆ ಬರೆಯುವ ರೂಢಿ ಸಾಮಾನ್ಯವಾಗಿ ಇಲ್ಲ. ಕಟ್ಟಡದವರೆಗೆ ಬೀದಿಯ ಹೆಸರು ತಲುಪಿಸುತ್ತದೆ, ಅಲ್ಲಿಂದ ಮುಂದಕ್ಕೆ ದಾರಿ ತೋರಿಸುವುದು ಪೆಟ್ಟಿಗೆಯ ಮೇಲಿನ ಹೆಸರೊಂದೇ. ಪಟ್ಟಿಯ ಹೆಸರೂ ಲಕೋಟೆಯ ಹೆಸರೂ ಹೊಂದದಿದ್ದರೆ ಆ ಕಾಗದಕ್ಕೆ ವಿಳಾಸವೇ ಇಲ್ಲದಂತೆ. ನಮ್ಮಲ್ಲಿ 'ಮಾರಿಗುಡಿ ಹತ್ತಿರ' ಎಂದು ಬರೆದರೂ ಸಾಕು, ಬೀಟಿನ ಪೋಸ್ಟ್‌ಮನ್‌ಗೆ ಮನೆಯೂ ಗೊತ್ತು, ಮನೆಯವರೂ ಗೊತ್ತು. ಆರು ತಿಂಗಳಿಗೊಮ್ಮೆ ಜನ ಬದಲಾಗುವ ವಿದ್ಯಾರ್ಥಿ ನಿಲಯದಲ್ಲಿ ಆ ಪರಿಚಯ ಬೆಳೆಯುವುದಕ್ಕೆ ಕಾಲವೇ ಇರುವುದಿಲ್ಲ.

ಐದಂಕಿಯ ಪಿನ್ನಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಆರಂಕಿಯ ಪಿನ್ 1972ರ ಆಗಸ್ಟ್ 15ರಂದು ಬಂತು. ಜರ್ಮನಿಯದು 1993ರ ಜುಲೈ 1ರದು. ಅದಕ್ಕೂ ಮುಂಚೆ ಪೂರ್ವ, ಪಶ್ಚಿಮ ಎರಡರಲ್ಲೂ ನಾಲ್ಕಂಕಿಯ ಸಂಖ್ಯೆಗಳಿದ್ದವು. ದೇಶ ಒಂದಾದಾಗ ಒಂದೇ ಸಂಖ್ಯೆಗೆ ಎರಡೆರಡು ಊರುಗಳಾದವು. ಪಶ್ಚಿಮದ ರಾಜಧಾನಿಯಾಗಿದ್ದ ಬಾನ್ ನಗರಕ್ಕೂ 5300, ಪೂರ್ವದ ಈ ವೈಮಾರ್‌ಗೂ 5300. ಹೊಸ ಸಂಖ್ಯೆ ಬರುವವರೆಗೆ ಪಶ್ಚಿಮಕ್ಕೆ ಡಬ್ಲ್ಯು, ಪೂರ್ವಕ್ಕೆ ಓ ಎಂದು ಮುಂದೆ ಅಕ್ಷರ ಸೇರಿಸಿ ಬರೆಯುತ್ತಿದ್ದರು. ಆ ಅಕ್ಷರ ಬಿಟ್ಟುಹೋದ ಕಾಗದಗಳನ್ನು ವಿಂಗಡಿಸಿದವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮಗಳ ತೊಂದರೆ ಶುರುವಾದದ್ದು ಹೆಸರಿನಿಂದಲೇ. ಅವಳ ಆರೋಗ್ಯ ವಿಮೆಯ ಹೊಸ ಕಾರ್ಡು ಬರಬೇಕಿತ್ತು, ಬರಲಿಲ್ಲ. ಫೋನ್ ಮಾಡಿದರೆ, ಕಳಿಸಿದ್ದೆವು, ವಿಳಾಸದಾರರು ಸಿಗಲಿಲ್ಲವೆಂದು ವಾಪಸು ಬಂತು ಎಂದರು. ಪೆಟ್ಟಿಗೆಯ ಹತ್ತಿರ ನಿಂತು ಇಬ್ಬರೂ ನೋಡಿದೆವು. ಕೋಣೆ ಕೊಡುವಾಗ ನಿಲಯದವರು ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿನ ಮೊದಲ ಪದ ಮಾತ್ರ ಇತ್ತು. ಪಾಸ್‌ಪೋರ್ಟಿನಲ್ಲಿ ಇರುವುದು ಮೂರು ಪದ: ಅವಳ ಹೆಸರು, ನನ್ನ ಹೆಸರು, ಕೊನೆಯಲ್ಲಿ ನಮ್ಮ ಊರಿನ ಹೆಸರು. ಜರ್ಮನ್ ಕಚೇರಿಗಳು ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿಯುತ್ತವೆ. ಹಾಗಾಗಿ ಲಕೋಟೆಯ ಮೇಲೆ 'ಶ್ರೀಮತಿ' ಎಂದು ಬರೆದು ಮುಂದೆ ನಮ್ಮ ಹಳ್ಳಿಯ ಹೆಸರು ಹಾಕಿದ್ದರು. ಪೆಟ್ಟಿಗೆಯ ಮೇಲೆ ಆ ಹೆಸರಿನವರು ಯಾರೂ ಇಲ್ಲ.

ಮರುದಿನ ಬೆಳಿಗ್ಗೆ ಬಟವಾಡೆಯ ಹೊತ್ತಿಗೆ ಕಾದು ನಿಂತೆವು. ಹಳದಿ ಗಾಡಿ ತಳ್ಳಿಕೊಂಡು ಬಂದವರು ಮಧ್ಯವಯಸ್ಸಿನ ಹೆಣ್ಣುಮಗಳು. ನಾನೂ ಅಂಚೆಯವನೆಂದು ಮಗಳು ಹೇಳಿದಾಗ ಅವರ ಮುಖ ಅರಳಿತು. ಕೈ ಕುಲುಕಿ, ಕೆಲಸ ನಿಲ್ಲಿಸದೆಯೇ ಮಾತಾಡಿದರು. ಮಗಳು ನಡುನಡುವೆ ಕನ್ನಡಕ್ಕೆ ತಂದಳು. ಇಲ್ಲಿ ಸೆಪ್ಟೆಂಬರ್ ಕೊನೆಯಲ್ಲಿ ಅರ್ಧ ಕಟ್ಟಡ ಖಾಲಿಯಾಗಿ ಅರ್ಧ ಕಟ್ಟಡ ತುಂಬುತ್ತದೆ. ಯಾರು ಹೋದರು, ಯಾರು ಬಂದರು ಎಂದು ನನಗೆ ಯಾರೂ ಹೇಳುವುದಿಲ್ಲ. ಊಹೆ ಮಾಡಿ ಬೇರೆಯವರ ಪೆಟ್ಟಿಗೆಗೆ ಬ್ಯಾಂಕಿನ ಕಾಗದ ಹಾಕಲಾರೆ. ಹೆಸರು ಸಿಗದಿದ್ದರೆ ವಾಪಸು ಕಳಿಸುತ್ತೇನೆ.

ಅವರು ಮಾಡಿದ್ದು ಸರಿ. ನನ್ನ ಬೀಟಿನಲ್ಲಿ ಹೀಗಾಗಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ತಪ್ಪು ಪೆಟ್ಟಿಗೆಗೆ ಬಿದ್ದ ಕಾಗದ ಕಳೆದುಹೋದ ಹಾಗೆಯೇ, ವಾಪಸು ಹೋದ ಕಾಗದವಾದರೆ ಇನ್ನೊಮ್ಮೆ ಬರುತ್ತದೆ.

ಆ ದಿನವೇ ಉಸ್ತುವಾರಿಯವರನ್ನು ಹಿಡಿದು ಪಟ್ಟಿ ಬದಲಾಯಿಸಿದೆವು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಮೂರೂ ಪದ, ದೊಡ್ಡ ಅಕ್ಷರದಲ್ಲಿ. ಕೆಳಗೆ ಕರೆಗಂಟೆಯ ಫಲಕಕ್ಕೂ ಅದೇ ಹೆಸರು, ಯಾಕೆಂದರೆ ಪಾರ್ಸೆಲ್ ತರುವವರು ನೋಡುವುದು ಪೆಟ್ಟಿಗೆಯನ್ನಲ್ಲ, ಗಂಟೆಯನ್ನು. ಒಂದೇ ಹೆಸರಿನ ಪಟ್ಟಿ ಎರಡು ಕಡೆ ಬೇಕೆನ್ನುವುದು ಅನೇಕ ಹುಡುಗರಿಗೆ ಹೊಳೆಯುವುದಿಲ್ಲ. ಇನ್ನೊಬ್ಬರ ಕೋಣೆಯಲ್ಲಿ ಎರಡು ಮೂರು ತಿಂಗಳ ಮಟ್ಟಿಗೆ ಇರುವವರಿಗೆ ಪಟ್ಟಿ ಸಿಗುವುದು ಕಷ್ಟ. ಅವರು ತಮ್ಮ ಹೆಸರಿನ ಕೆಳಗೆ 'ಕೇರ್ ಆಫ್' ಎಂದು ಬರೆದು ಪೆಟ್ಟಿಗೆಯ ಮೇಲಿರುವವರ ಹೆಸರು ಹಾಕಬೇಕು. ಪಕ್ಕದ ಕೋಣೆಯಲ್ಲಿದ್ದ ತೆಲುಗು ಹುಡುಗಿಗೆ ಹಾಗೆ ಬರೆಸಿದ ಮೇಲೆ ಕಾಗದಗಳು ಸರಿಯಾಗಿ ಬರತೊಡಗಿದವು.

ಆನ್‌ಲೈನ್ ಆರ್ಡರಿಗೆ ಮುಂಚೆ ಕಾಗದದ ಮಾತು ಯಾಕೆಂದರೆ, ಆ ದೇಶ ಇಂದಿಗೂ ಕಾಗದದ ಮೇಲೆ ನಡೆಯುತ್ತದೆ. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ ಬಂದರೆ ಅದರ ಪಿನ್ ಇನ್ನೊಂದರಲ್ಲಿ ಬರುತ್ತದೆ. ಸರ್ಕಾರಿ ಕಚೇರಿಯ ಕಾಗದಕ್ಕೆ ಇನ್ನೂ ಒಂದು ಬಿಗಿ ಇದೆ. ಸಾಮಾನ್ಯ ಅಂಚೆಯಲ್ಲಿ ಕಳಿಸಿದ ಆದೇಶ, ಕಳಿಸಿದ ನಾಲ್ಕನೆಯ ದಿನಕ್ಕೆ ತಲುಪಿತೆಂದು 2025ರ ಆರಂಭದಿಂದ ಕಾನೂನು ಎಣಿಸುತ್ತದೆ. ಅದಕ್ಕೆ ಹಿಂದೆ ಮೂರು ದಿನ ಇತ್ತು. ಪೆಟ್ಟಿಗೆಯಲ್ಲಿ ಬಿದ್ದ ಕಾಗದವನ್ನು ಓದದೆ ಬಿಟ್ಟರೂ ಗಡುವು ಓಡುತ್ತಿರುತ್ತದೆ. ಕಾಗದ ಬರಲೇ ಇಲ್ಲ ಎಂದು ವಾದಿಸಬಹುದು, ಆದರೆ ಹೆಸರಿನ ಪಟ್ಟಿಯೇ ಸರಿಯಿಲ್ಲದವರು ಆ ವಾದಕ್ಕೆ ನಿಲ್ಲುವುದು ಕಷ್ಟ.

ಪಾರ್ಸೆಲ್ಲಿನ ದಾರಿ ಬೇರೆ. ಚಳಿ ಹತ್ತಿರವಾಗುತ್ತಿತ್ತು, ಮಗಳು ಒಂದು ಜೊತೆ ಬೂಟು ಆರ್ಡರ್ ಮಾಡಿದ್ದಳು. ತರಗತಿಯಲ್ಲಿ ಕೂತಿದ್ದಾಗ ಫೋನಿನಲ್ಲಿ 'ಬಟವಾಡೆ ಆಗಿದೆ' ಎಂದು ಬಂತು. ಸಂಜೆ ಬಂದು ನೋಡಿದರೆ ಬಾಗಿಲಲ್ಲೂ ಇಲ್ಲ, ಗೋಡೆಯ ಕೆಳಗೂ ಇಲ್ಲ. ಪೆಟ್ಟಿಗೆಯಲ್ಲಿ ಒಂದು ಚೀಟಿ, ಅದರ ಮೇಲೆ ಅವಸರದಲ್ಲಿ ಗೀಚಿದ ಒಂದು ಹೆಸರು. ಅಲ್ಲಿ ಮನೆಯವರು ಸಿಗದಿದ್ದರೆ ನೆರೆಯವರ ಕೈಗೆ ಕೊಟ್ಟು ಹೋಗುವುದು ವಾಡಿಕೆ. ನಿಯಮದಲ್ಲೂ ಅದಕ್ಕೆ ಅವಕಾಶವಿದೆ. ಮೂರು ಮನೆಯ ಕಟ್ಟಡದಲ್ಲಿ ಅದು ಒಳ್ಳೆಯ ಪದ್ಧತಿ. ನೂರಾರು ಬಾಗಿಲಿನ ನಿಲಯದಲ್ಲಿ 'ನೆರೆ' ಎಂದರೆ ಅಂದು ಗಂಟೆ ಒತ್ತಿದಾಗ ಎದ್ದು ಬಂದವರು ಯಾರೋ ಒಬ್ಬರು.

ಚೀಟಿಯ ಹೆಸರನ್ನು ಗಂಟೆಯ ಫಲಕದಲ್ಲಿ ಒಂದೊಂದಾಗಿ ಹೋಲಿಸಿ ಹುಡುಕಿದೆವು. ಕೊನೆಗೆ ಸಿಕ್ಕವನು ಮೇಲಿನ ಮಹಡಿಯ ಇರಾನಿ ಹುಡುಗ. ಅವನ ಕೋಣೆಯ ಮೂಲೆಯಲ್ಲಿ ಬೇರೆಯವರ ಡಬ್ಬಗಳು ಒಂದರ ಮೇಲೊಂದು ಪೇರಿಸಿದ್ದವು. ರಾತ್ರಿ ಕೆಲಸ ಮಾಡಿ ಹಗಲು ಕೋಣೆಯಲ್ಲಿರುವವನು. ಆದ್ದರಿಂದ ಎಲ್ಲ ಕೊರಿಯರ್ ಹುಡುಗರೂ ಅವನ ಗಂಟೆಯನ್ನೇ ಒತ್ತುತ್ತಾರೆ. ನಿದ್ದೆ ಕೆಡುತ್ತದಲ್ಲ ಎಂದು ಕೇಳಿದೆ. "ನಾನು ತೆಗೆದುಕೊಳ್ಳದಿದ್ದರೆ ಅವರ ವಸ್ತು ವಾಪಸು ಹೋಗುತ್ತದೆ ಅಂಕಲ್" ಎಂದ. ಮಗಳು ಮರುದಿನ ಅವನಿಗೆ ಬಿಸಿ ಚಿತ್ರಾನ್ನ ಕೊಟ್ಟು ಬಂದಳು.

ಎರಡನೆಯ ಪಾರ್ಸೆಲ್ಲಿನಲ್ಲಿ ಹುಡುಗಿ ನಿಜವಾಗಿ ನೊಂದಳು. ಅನ್ನ ಮಾಡುವ ಕುಕ್ಕರ್ ಅದು. ಈ ಬಾರಿ ನೆರೆಯವರಾರೂ ಸಿಗದೆ, ಚೀಟಿಯಲ್ಲಿ ಒಂದು ಅಂಗಡಿಯ ವಿಳಾಸ ಇತ್ತು. ಜರ್ಮನಿಯಲ್ಲಿ ಪಾರ್ಸೆಲ್ ಕೌಂಟರುಗಳು ಬಹುಪಾಲು ಪೇಪರ್, ಸಿಗರೇಟು, ಲಾಟರಿ ಮಾರುವ ಅಂಗಡಿಗಳ ಒಳಗೇ ಇರುತ್ತವೆ. ಸಾಮಾನ್ಯವಾಗಿ ಮರುದಿನದಿಂದ ಅಲ್ಲಿ ಸಿಗುತ್ತದೆ. ದೊಡ್ಡ ಅಂಚೆ ಸಂಸ್ಥೆ ಏಳು ಕೆಲಸದ ದಿನ ಇಟ್ಟುಕೊಂಡು, ಆಮೇಲೆ ಕಳಿಸಿದವರಿಗೆ ತಿರುಗಿ ಕಳಿಸುತ್ತದೆ. ಬೇರೆ ಕೊರಿಯರ್‌ಗಳ ಲೆಕ್ಕ ಬೇರೆ, ಆದ್ದರಿಂದ ಚೀಟಿಯ ಮೇಲಿನ ತಾರೀಖನ್ನೇ ನಂಬಬೇಕು. ಅಲ್ಲಿ ಶನಿವಾರವೂ ಕೆಲಸದ ದಿನ ಎನ್ನುವುದನ್ನು ಮರೆತರೆ ಎಣಿಕೆ ತಪ್ಪುತ್ತದೆ.

ಅಂಗಡಿಯಾಕೆ ಗುರುತಿನ ಪತ್ರ ಕೇಳಿದರು. ಮಗಳು ನಿವಾಸ ಕಾರ್ಡು ಕೊಟ್ಟಳು. ಡಬ್ಬದ ಮೇಲಿನ ಹೆಸರನ್ನೂ ಕಾರ್ಡನ್ನೂ ನೋಡಿ ಆಕೆ ತಲೆಯಾಡಿಸಿದರು. ಮಗಳು ಆ ಮಳಿಗೆಯ ಜಾಲತಾಣದಲ್ಲಿ ಖಾತೆ ತೆರೆದದ್ದು ಊರಿನಲ್ಲಿ ಎಲ್ಲರೂ ಕರೆಯುವ ಹೆಸರಿನಲ್ಲಿ, ಮುಂದೆ ನನ್ನ ಹೆಸರಿನ ಒಂದಕ್ಷರ. ನಮ್ಮಲ್ಲಿ ಕಾಲೇಜಿನ ಹಾಜರಿ ಪುಸ್ತಕದಲ್ಲಿಯೂ ಅವಳು ಹಾಗೆಯೇ. ಕಾರ್ಡಿನ ಮೂರು ಪದಗಳಲ್ಲಿ ಒಂದೂ ಡಬ್ಬದ ಮೇಲಿಲ್ಲ. ಆರ್ಡರಿನ ರಸೀದಿ ತೋರಿಸಿದಳು, ಫೋನ್ ನಂಬರು ತೋರಿಸಿದಳು. ಆಕೆ ಗಟ್ಟಿ ದನಿಯಲ್ಲೇನೂ ಮಾತಾಡಲಿಲ್ಲ, ಕೊಡಲೂ ಇಲ್ಲ. ಆ ಹೆಸರಿನವರು ಬರಲಿ, ಅಥವಾ ಚೀಟಿಯ ಹಿಂಬದಿಯಲ್ಲಿ ಆ ಹೆಸರಿನವರೇ ಅಧಿಕಾರ ಬರೆದುಕೊಡಲಿ ಎಂದರು. ಆ ಹೆಸರಿನವರಿಗೆ ಆ ದೇಶದಲ್ಲಿ ಯಾವ ಗುರುತಿನ ಪತ್ರವೂ ಇಲ್ಲ. ಕುಕ್ಕರ್ ಅಂಗಡಿಯಲ್ಲಿ ತನ್ನ ದಿನ ಮುಗಿಸಿ ಹಿಂದಿರುಗಿತು.

ದುಡ್ಡು ವಾಪಸು ಬಂತು. ಅದಕ್ಕೂ ಕ್ರಮ ಇದೆ. ಪಾರ್ಸೆಲ್ ಕಾಣೆಯಾದರೂ, ಬೇರೆಯವರ ಕೈ ಸೇರಿದರೂ, ತಿರುಗಿ ಹೋದರೂ ಮೊದಲು ಬರೆಯಬೇಕಾದದ್ದು ಮಾರಿದವರಿಗೆ. ಕೊರಿಯರ್ ಜೊತೆ ಒಪ್ಪಂದ ಇರುವುದು ಅವರದು. ಅಂಗಡಿಯಿಂದ ಮನೆಬಳಕೆಗೆ ಕೊಂಡ ವಸ್ತು ಗಿರಾಕಿಯ ಕೈ ಸೇರುವವರೆಗೆ ದಾರಿಯ ನಷ್ಟ ಮಾರಿದವರಿಗೇ ಸೇರಿದ್ದೆಂದು ಯುರೋಪಿನ ಕಾನೂನು ಹೇಳುತ್ತದೆ. ಹುಡುಗರು ಕೊರಿಯರ್ ಕಂಪನಿಯ ಫೋನಿನಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಅಲ್ಲಿಯವರು, ಕಳಿಸಿದವರೇ ದೂರು ಕೊಡಲಿ ಎಂದು ಮುಗಿಸುತ್ತಾರೆ. ಚೀಟಿಯ ಚಿತ್ರ, ಪಾರ್ಸೆಲ್ ಸಂಖ್ಯೆ ಮತ್ತು 'ಬಟವಾಡೆ ಆಗಿದೆ' ಎಂದು ತೋರಿಸುವ ಪುಟದ ಚಿತ್ರ ಇಟ್ಟುಕೊಂಡು ಮಾರಿದವರಿಗೆ ಬರೆದರೆ ಕೆಲಸ ಬೇಗ ಆಗುತ್ತದೆ.

ಈ ಎರಡರ ನಂತರ ಮಗಳು ನಿಲಯದ ವಿಳಾಸಕ್ಕೆ ಪಾರ್ಸೆಲ್ ತರಿಸುವುದನ್ನೇ ಕಡಿಮೆ ಮಾಡಿದಳು. ರೈಲು ನಿಲ್ದಾಣಗಳ ಬಳಿ, ದಿನಸಿ ಅಂಗಡಿಗಳ ಮುಂದೆ ಹಳದಿ ಬಣ್ಣದ ಕಪಾಟಿನ ಸಾಲುಗಳನ್ನು ನೀವು ಜರ್ಮನಿಯಲ್ಲಿ ಎಲ್ಲೆಲ್ಲೂ ನೋಡಬಹುದು. ಪಾಕ್‌ಸ್ಟೇಷನ್ ಎಂದು ಹೆಸರು, ಡಿಎಚ್‌ಎಲ್ ನಡೆಸುತ್ತದೆ. ಒಮ್ಮೆ ಹೆಸರು ನೋಂದಾಯಿಸಿ ಗುರುತು ತೋರಿಸಿದರೆ ಒಂದು ಅಂಚೆ ಸಂಖ್ಯೆ ಕೊಡುತ್ತಾರೆ. ಆರ್ಡರ್ ಮಾಡುವಾಗ ಹೆಸರಿನ ಕೆಳಗೆ ಆ ಸಂಖ್ಯೆ, ಬೀದಿಯ ಜಾಗದಲ್ಲಿ ಪಾಕ್‌ಸ್ಟೇಷನ್ ಮತ್ತು ಅದರ ನಂಬರು, ಆಮೇಲೆ ಪಿನ್, ಊರು. ಡಬ್ಬ ಕಪಾಟಿಗೆ ಬಂದ ಮೇಲೆ ಫೋನಿಗೆ ಸುದ್ದಿ ಬರುತ್ತದೆ, ಆ್ಯಪ್ ಒತ್ತಿದರೆ ಬಾಗಿಲು ತೆರೆಯುತ್ತದೆ. ರಾತ್ರಿ ಹತ್ತಕ್ಕೂ ಆಗುತ್ತದೆ, ಎಲ್ಲ ಅಂಗಡಿಗಳೂ ಮುಚ್ಚಿರುವ ಭಾನುವಾರವೂ ಆಗುತ್ತದೆ.

ಅದಕ್ಕೂ ಮಿತಿ ಇದೆ. ಆ ಕಪಾಟು ಅದನ್ನು ನಡೆಸುವವರ ಪಾರ್ಸೆಲ್ಲಿಗೆ ಮಾತ್ರ. ಮಾರುವವರು ಬೇರೆ ಕೊರಿಯರಿನಲ್ಲಿ ಕಳಿಸಿದರೆ ಆ ಹುಡುಗ ಕಪಾಟಿನ ಮುಂದೆ ನಿಂತು ಮಾಡುವುದೇನೂ ಇಲ್ಲ, ಡಬ್ಬ ತಿರುಗಿ ಹೋಗುತ್ತದೆ. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಯಾವ ಕೊರಿಯರಿನಲ್ಲಿ ಬರುತ್ತದೆಂದು ನೋಡಬೇಕು. 75 ಸೆಂಟಿಮೀಟರ್ ಉದ್ದ, 60 ಅಗಲ, 40 ಎತ್ತರ ಮೀರಿದ ಡಬ್ಬ ಅದರೊಳಗೆ ಹಿಡಿಯುವುದಿಲ್ಲ. ಕಪಾಟು ತುಂಬಿದ್ದರೆ ಬೇರೆ ಕಪಾಟಿಗೋ ಅಂಗಡಿಗೋ ಹೋಗುತ್ತದೆ. ಹೊಸ ಕುಕ್ಕರ್ ಇದೇ ದಾರಿಯಲ್ಲಿ, ಪಾಸ್‌ಪೋರ್ಟಿನ ಹೆಸರಿನಲ್ಲಿ ಬಂತು. ನಾವಿಬ್ಬರೂ ಸಂಜೆ ಇಲ್ಮ್ ನದಿಯ ದಂಡೆಯ ತೋಟದಲ್ಲಿ ನಡೆದಾಡಿ, ಬರುವಾಗ ಡಬ್ಬ ಎತ್ತಿಕೊಂಡು ಬಂದೆವು.

ಇನ್ನು ಊರಿನಿಂದ ಕಳಿಸುವ ಗಂಟು. ನಾನು ಹೊರಡುವ ಮುಂಚೆ ಶಿರಸಿಯಿಂದ ಒಂದು ಪಾರ್ಸೆಲ್ ಹಾಕಿದ್ದೆ. ಸಾಂಬಾರು ಪುಡಿ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಮನೆಯಾಕೆ ತುಪ್ಪವನ್ನೂ ಧಾರವಾಡ ಪೇಡೆಯನ್ನೂ ಇಟ್ಟಿದ್ದಳು, ನಾನು ತೆಗೆಸಿದೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರದೇಶದಿಂದ ಮನೆಯವರ ಪಾರ್ಸೆಲ್ಲಿನಲ್ಲಿ ತರುವುದನ್ನು ಯುರೋಪ್ ಒಕ್ಕೂಟ ಬಿಡುವುದಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಔಷಧಿ ಅಂಚೆಯಲ್ಲಿ ಕಳಿಸಲೇಬಾರದು, ಅದು ತಾಯಂದಿರಿಗೆ ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟದ ಮಾತು. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕ ಇಲ್ಲ. ಆದರೆ ಜಾಲತಾಣದ ಮಳಿಗೆಯಿಂದ ಭಾರತದಲ್ಲಿ ಆರ್ಡರ್ ಮಾಡಿ ನೇರ ಅಲ್ಲಿಗೆ ಕಳಿಸಿದರೆ ಅದು ಉಡುಗೊರೆ ಎನಿಸುವುದಿಲ್ಲ. 2021ರ ಜುಲೈಯಿಂದ ಎಷ್ಟು ಕಡಿಮೆ ಬೆಲೆಯದಾದರೂ ಅಂಥ ವಸ್ತುವಿಗೆ ತೆರಿಗೆ ಇದೆ.

ಕಸ್ಟಮ್ಸ್ ಫಾರಂ ತುಂಬುವ ಕಡೆ ನಮ್ಮವರು ಅವಸರ ಮಾಡುತ್ತಾರೆ. ಒಳಗಿನ ವಸ್ತು ಏನು ಎಂಬಲ್ಲಿ 'ಗಿಫ್ಟ್' ಎಂದೋ 'ತಿಂಡಿ' ಎಂದೋ ಬರೆದುಬಿಡುತ್ತಾರೆ. ಅದು ಸಾಲದು. ಒಂದೊಂದು ವಸ್ತು, ಅದರ ತೂಕ, ಅದರ ಬೆಲೆ ಬೇರೆ ಬೇರೆ ಇರಬೇಕು. ಆ ವಿವರ ಡಬ್ಬಕ್ಕಿಂತ ಮುಂಚೆಯೇ ಯುರೋಪಿನ ಕಸ್ಟಮ್ಸ್ ಕಂಪ್ಯೂಟರಿಗೆ ಹೋಗುತ್ತದೆ, ಅಸ್ಪಷ್ಟವಾಗಿದ್ದರೆ ಡಬ್ಬವನ್ನು ಅಲ್ಲೇ ತಡೆಯಬಹುದು. ಕೌಂಟರಿನಲ್ಲಿ ಕೊಡುವ ಹದಿಮೂರು ಅಕ್ಷರಾಂಕಗಳ ಸಂಖ್ಯೆ, ಕೊನೆಗೆ ಐ ಎನ್ ಇರುವುದು, ಜರ್ಮನಿಯ ಜಾಲತಾಣದಲ್ಲೂ ನಡೆಯುತ್ತದೆ. ಎಲ್ಲ ದೇಶದ ಅಂಚೆಗೂ ಒಂದೇ ಮಾದರಿಯ ಸಂಖ್ಯೆ, ಬರ್ನ್‌ನಲ್ಲಿ ಕಚೇರಿ ಇರುವ ವಿಶ್ವ ಅಂಚೆ ಒಕ್ಕೂಟದ್ದು. 1874ರಲ್ಲಿ ಆ ಒಕ್ಕೂಟ ಕಟ್ಟಲು ಮುಂದಾಗಿ ನಿಂತವನು ಹೈನ್ರಿಶ್ ಫಾನ್ ಸ್ಟೆಫಾನ್ ಎಂಬ ಜರ್ಮನ್ ಅಂಚೆ ಅಧಿಕಾರಿ. ಇಲಾಖೆಯ ಪರೀಕ್ಷೆಗೆ ಓದುವಾಗ ಬಾಯಿಪಾಠ ಮಾಡಿದ್ದ ಹೆಸರು. ಅವನ ದೇಶದಲ್ಲಿ ನನ್ನ ಮಗಳಿಗೆ ನಾನು ಹಾಕಿದ ಪಾರ್ಸೆಲ್ ಬಂದು ಸೇರಿದಾಗ ನನಗೆ ಆದ ಸಂತೋಷವನ್ನು ಇಲಾಖೆಯವರೇ ಬಲ್ಲರು. ಉಪ್ಪಿನಕಾಯಿ ಸೋರಿರಲಿಲ್ಲ.

ನಾನು ಊರಿಗೆ ಹೊರಡುವ ಹಿಂದಿನ ದಿನ ಮಗಳು ಹಳೆಯ ಬಾಡಿಗೆ ಮನೆಯ ವಿಳಾಸದಿಂದ ಕಾಗದಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವ ಅರ್ಜಿ ಹಾಕಿದಳು. ಅದಕ್ಕೆ ಶುಲ್ಕ ಇದೆ, ಜಾರಿಗೆ ಬರಲು ಕೆಲವು ದಿನ ಬೇಕು, ಆದ್ದರಿಂದ ಮನೆ ಬಿಡುವ ಮುಂಚೆಯೇ ಹಾಕುವುದು ಒಳ್ಳೆಯದು. ನಗರ ಕಚೇರಿಯಲ್ಲಿ ವಿಳಾಸ ಬದಲಾವಣೆ ಬೇರೆ, ಅದನ್ನು ಮನೆ ಬದಲಿಸಿದ ಎರಡು ವಾರದೊಳಗೆ ಮಾಡಬೇಕೆಂದು ಕಾನೂನು. ಅವಳು ಅದನ್ನು ಮೊದಲೇ ಮುಗಿಸಿದ್ದಳು.

ಮಕ್ಕಳನ್ನು ಜರ್ಮನಿಗೆ ಕಳಿಸುತ್ತಿರುವ ತಂದೆತಾಯಿಯರಿಗೆ ನಾನು ಕೇಳಿಕೊಳ್ಳುವುದು ಇಷ್ಟು. ಮಗು ಕೋಣೆ ಸೇರಿದ ದಿನವೇ ಪೆಟ್ಟಿಗೆಯ ಮತ್ತು ಗಂಟೆಯ ಪಟ್ಟಿಯ ಚಿತ್ರ ತೆಗೆದು ಕಳಿಸಲು ಹೇಳಿ. ಅದನ್ನು ಪಾಸ್‌ಪೋರ್ಟಿನ ಪುಟದ ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ನೋಡಿ. ಹೊಂದುವವರೆಗೆ ಏನನ್ನೂ ಕಳಿಸಬೇಡಿ, ಏನನ್ನೂ ತರಿಸಿಕೊಳ್ಳಲು ಬಿಡಬೇಡಿ.